ಚೀಟಿ ಕೂಗುವ ಮುಂಚೆ ನಾನು ಹಾಕುವ ಲೆಕ್ಕ

ಇವತ್ತಿನ ರೂಪಾಯಿಗೂ ಮುಂದಿನ ವರ್ಷದ ರೂಪಾಯಿಗೂ ಎಷ್ಟು ವ್ಯತ್ಯಾಸ ಅಂತ ನೋಡಬೇಕಾದರೆ ಚೀಟಿ ಹರಾಜಿಗೆ ಹೋಗಿ ಕೂರಬೇಕು. ಅಲ್ಲಿ ಮಾರಾಟವಾಗುವುದೇ ಅದು. ಕೊನೆಯವರೆಗೆ ಕಾದರೆ ಸಿಗುವ ದುಡ್ಡನ್ನು ಒಬ್ಬರು ಈಗಲೇ ಕೇಳುತ್ತಾರೆ, ಅದಕ್ಕೆ ಬದಲಾಗಿ ಒಂದಿಷ್ಟು ಬಿಟ್ಟುಕೊಡುತ್ತಾರೆ. ಎಷ್ಟು ಬಿಟ್ಟುಕೊಡಬಹುದು ಅನ್ನುವುದೇ ಪ್ರಶ್ನೆ. ಹೆಚ್ಚಿನವರು ಅದನ್ನು ಅಂದಾಜಿನಲ್ಲಿ, ಇಲ್ಲವೇ ಹಠದಲ್ಲಿ ತೀರ್ಮಾನಿಸುತ್ತಾರೆ. ನಾನು ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ ಇಟ್ಟುಕೊಂಡಿರುವವನು, ಮೊಬೈಲ್‌ನಲ್ಲಿ ಲೆಕ್ಕ ಹಾಕಿಕೊಂಡೇ ಕೂಗುತ್ತೇನೆ.

ನಮ್ಮ ಚೀಟಿ ಹೀಗಿತ್ತು. 20 ಜನ, 20 ತಿಂಗಳು, ತಿಂಗಳಿಗೆ ₹5,000, ಒಟ್ಟು ಒಂದು ಲಕ್ಷ. ನಡೆಸುವವರ ಕಮಿಷನ್ ₹5,000. ಹೀಗಾಗಿ ಕೊನೆಯ ತಿಂಗಳು ಎತ್ತುವವರಿಗೂ ₹95,000 ಮಾತ್ರ. ನಡುವೆ ಎತ್ತುವವರು ಎಷ್ಟು ಬಿಟ್ಟುಕೊಡುತ್ತೇನೆ ಅಂತ ಕೂಗುತ್ತಾರೋ ಅದರಲ್ಲಿ ಕಮಿಷನ್ ಕಳೆದು ಉಳಿದದ್ದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಕೂಗು ₹16,000ಕ್ಕೆ ನಿಂತರೆ ಉಳಿಯುವುದು 11,000, ತಲೆಗೆ 550. ಆ ತಿಂಗಳು ಕಂತು ₹4,450 ಕಟ್ಟಿದರೆ ಸಾಕು.

ಈಗ ಆರನೇ ತಿಂಗಳ ಹರಾಜು ಅಂದುಕೊಳ್ಳಿ. ಇಲ್ಲಿ ಒಂದು ವಿಷಯ ಗಮನಿಸಿದರೆ ಲೆಕ್ಕ ಅರ್ಧಕ್ಕರ್ಧ ಹಗುರವಾಗುತ್ತದೆ. ಚೀಟಿಯನ್ನು ಇವತ್ತು ಎತ್ತಲಿ, ಕೊನೆಗೆ ಎತ್ತಲಿ, ಮುಂದಿನ ಕಂತುಗಳು ನನಗೆ ಹೆಚ್ಚುಕಮ್ಮಿ ಅವೇ. ಎತ್ತಿದವರಿಗೂ ಆ ಹಂಚಿಕೆಯ ಪಾಲು, ಅಂದರೆ ಡಿವಿಡೆಂಡ್, ಸಿಗುವ ಚೀಟಿಗಳಲ್ಲಿ ಹೀಗೆ. ಕೆಲವು ಕಡೆ ಎತ್ತಿದ ಮೇಲೆ ಕೊಡುವುದಿಲ್ಲ, ಸೇರುವಾಗಲೇ ಕೇಳಿಕೊಳ್ಳಿ. ಕಟ್ಟುವುದು ಎರಡೂ ಕಡೆ ಒಂದೇ ಆದಮೇಲೆ ಅದನ್ನು ಪಕ್ಕಕ್ಕಿಡಬಹುದು. ಉಳಿಯುವುದು ಒಂದೇ ಹೋಲಿಕೆ: ಇವತ್ತು ಬರುವ ದುಡ್ಡು, ಇನ್ನು 14 ತಿಂಗಳಿಗೆ ಬರುವ ₹95,000.

ಆ ₹95,000 ಇವತ್ತಿಗೆ ಎಷ್ಟು ಬೆಲೆ ಬಾಳುತ್ತದೆ? ಅದು ಯಾರು ಕೇಳುತ್ತಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ.

ನನ್ನ ವಿಷಯಕ್ಕೆ ಬರೋಣ. ದಸರಾ, ದೀಪಾವಳಿ ಹತ್ತಿರವಾದಂತೆ ಜನ ಮನೆಗೆ ಬಣ್ಣ ಹೊಡೆಸುತ್ತಾರೆ, ಆಗ ಅಂಗಡಿಯಲ್ಲಿ ಮಾಲು ತುಂಬಿರಬೇಕು. ನನಗೆ ಮಾಲು ಕೊಡುವ ಡಿಸ್ಟ್ರಿಬ್ಯೂಟರ್ 30 ದಿನ ಸಾಲ ಕೊಡುತ್ತಾರೆ. ಕೈಯಲ್ಲೇ ದುಡ್ಡು ಕೊಟ್ಟರೆ ಬಿಲ್ಲಿನಲ್ಲಿ 2% ಕಡಿಮೆ ಮಾಡುತ್ತಾರೆ. ಕೇಳಲು ಎರಡೇ ಪರ್ಸೆಂಟ್, ಆದರೆ ಅದು ಒಂದೇ ತಿಂಗಳಿಗೆ. ವರ್ಷಕ್ಕೆ ಗುಣಿಸಿದರೆ 24%. ಅಂದರೆ ಸೀಸನ್‌ನಲ್ಲಿ ಕೈಯಲ್ಲಿರುವ ದುಡ್ಡು ನನಗೆ ಬ್ಯಾಂಕಿನ ಬಡ್ಡಿಗಿಂತ ಎಷ್ಟೋ ಜಾಸ್ತಿ ದುಡಿಯುತ್ತದೆ.

ಹಾಗಂತ 24% ಹಿಡಿದು ಚೀಟಿ ಕೂಗಿದರೆ ತಪ್ಪಾಗುತ್ತದೆ. ಚೀಟಿ ಬಿಟ್ಟರೆ ಅದೇ ದುಡ್ಡು ನನಗೆ ಬೇರೆಲ್ಲಿ, ಎಷ್ಟು ಕಡಿಮೆ ಬಡ್ಡಿಗೆ ಸಿಗುತ್ತದೆ ಅಂತ ನೋಡಬೇಕು. ನನಗೆ ಸಿಗುತ್ತಿದ್ದ ಸಾಲ 18%ನದು. ಅದಕ್ಕಿಂತ ದುಬಾರಿಯಾಗಿ ಚೀಟಿ ಎತ್ತುವ ಬದಲು ಸಾಲವನ್ನೇ ತರಬಹುದಲ್ವಾ? ಆದ್ದರಿಂದ ದುಡಿಮೆಯ ದರ, ಬೇರೆ ಕಡೆಯ ಸಾಲದ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ನನ್ನ ದರ. ಹಾಗೆ 18% ಹಿಡಿದೆ. ತಿಂಗಳಿಗೆ ಒಂದೂವರೆ.

ಮೊಬೈಲ್‌ನ ಶೀಟ್‌ನಲ್ಲಿ ಇಷ್ಟು ಬರೆದರೆ ಸಾಕು:

```
=PV(18%/12, 14, 0, -95000)
```

ಬರುವ ಉತ್ತರ ₹77,126. ಇವತ್ತು ಇಷ್ಟು ಕೈಗೆ ಬಂದರೂ ನನಗೆ 14 ತಿಂಗಳ ಮೇಲಿನ ₹95,000ಕ್ಕೆ ಸಮ. ಲಕ್ಷದಲ್ಲಿ ಅದನ್ನು ಕಳೆದರೆ ಸುಮಾರು ₹22,800. ಅಲ್ಲಿಗೆ ನನ್ನ ಕೂಗು ನಿಲ್ಲಬೇಕು. ಈ ಅಂಕಿಯನ್ನು ಹರಾಜಿಗೆ ಹೋಗುವ ಮುಂಚೆಯೇ ಬರೆದಿಟ್ಟುಕೊಳ್ಳುತ್ತೇನೆ. ಅಲ್ಲಿ ಕೂತಮೇಲೆ ಪಕ್ಕದವರು ಐನೂರು ಏರಿಸಿದರೆ ನಮ್ಮ ಬಾಯಿಂದಲೂ ಐನೂರು ಹೊರಬರುತ್ತದೆ.

ಅದೇ ಚೀಟಿಯಲ್ಲಿ ನನ್ನ ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಇದ್ದರು. "ನೀವೂ ಕೂಗಿ ಮೇಷ್ಟ್ರೇ" ಅಂದೆ ಒಮ್ಮೆ. "ತಗೊಂಡು ಏನ್ ಮಾಡ್ಲಪ್ಪ, ಎಫ್‌ಡಿಗೆ ತಾನೇ ಹಾಕೋದು" ಅಂದರು. ಎಫ್‌ಡಿ 7% ಅಂತ ಹಿಡಿದರೆ ಅವರಿಗೆ ಆ ₹95,000ದ ಇವತ್ತಿನ ಬೆಲೆ ₹87,571. ಅವರು ಸುಮಾರು ₹12,400ರ ಮೇಲೆ ಕೂಗಿದರೆ ನಷ್ಟ. ಒಂದೇ ಚೀಟಿ, ಒಂದೇ ತಿಂಗಳು, ನನಗೆ 22,800, ಅವರಿಗೆ 12,400. ಈ ಅಂತರ ಇರುವುದರಿಂದಲೇ ಚೀಟಿ ನಡೆಯುತ್ತದೆ.

ಆ ತಿಂಗಳು ಕೂಗು ₹16,000ಕ್ಕೆ ನಿಂತು ಚೀಟಿ ನನಗೇ ಬಂತು. ಬರುವ ದುಡ್ಡು ₹84,000. ಇದು ಎಷ್ಟು ಬಡ್ಡಿಗೆ ಬಿತ್ತು ಅಂತ ತಿಳಿಯಲು:

```
=RATE(14, 0, -84000, 95000)*12
```

10.6% ಬರುತ್ತದೆ. 18%ನ ಸಾಲದ ಪಕ್ಕದಲ್ಲಿ ಅಗ್ಗವೇ.

ಆದರೆ ಹರಾಜಿನ ದಿನ ದುಡ್ಡು ಕೈಗೆ ಬರುವುದಿಲ್ಲ. ಮುಂದಿನ ಕಂತುಗಳಿಗೆ ಜಾಮೀನು ಕೊಡಬೇಕು. ಸಂಬಳದ ನೌಕರರನ್ನು ಹಿಡಿದು, ಅವರ ಸಂಬಳದ ಚೀಟಿ, ಸಹಿ, ಆಮೇಲೆ ಪರಿಶೀಲನೆ. ಇದರಲ್ಲಿ ಎರಡು ತಿಂಗಳು ಕಳೆದರೆ ಏನಾಗುತ್ತದೆ ನೋಡಿ. ಅದೇ ₹84,000 ಎಂಟನೇ ತಿಂಗಳಲ್ಲಿ ಬಂದಂತಾಯಿತು, ಹಾಗಾಗಿ ಮೇಲಿನ ಸೂತ್ರದಲ್ಲಿ 14ರ ಜಾಗದಲ್ಲಿ 12 ಬರುತ್ತದೆ. ಬಡ್ಡಿ 12.4%ಗೆ ಏರುತ್ತದೆ. ನನ್ನ ಕೂಗಿನ ಮಿತಿಯೂ 22,800ರಿಂದ ಸುಮಾರು 20,500ಕ್ಕೆ ಇಳಿಯುತ್ತದೆ. ಒಂದು ಪೈಸೆ ಬದಲಾಗಿಲ್ಲ, ದಿನ ಮಾತ್ರ ಸರಿದಿದೆ. ನನಗಂತೂ ದೀಪಾವಳಿ ಕಳೆದ ಮೇಲೆ ಬಂದರೆ ಆ 2% ಕ್ಯಾಶ್ ಡಿಸ್ಕೌಂಟಿನ ಕಥೆಯೂ ಮುಗಿದಂತೆ. ಅದಕ್ಕೇ ಜಾಮೀನುದಾರರ ಕಾಗದ ಪತ್ರ ಕೈಯಲ್ಲಿ ಇಟ್ಟುಕೊಂಡೇ ಕೂಗಲು ಹೋಗುತ್ತೇನೆ.

ಇನ್ನು ಮೇಷ್ಟ್ರ ತರಹ ಕೊನೆಯವರೆಗೆ ಕಾಯುವವರ ಪಾಡೇನು? ಮೊದಲ ಐದು ತಿಂಗಳು ಕೂಗು 20,000ಕ್ಕೆ, ಆಮೇಲಿನ ಐದು 16,000ಕ್ಕೆ, ಮುಂದಿನ ಐದು 11,000ಕ್ಕೆ, ಅದರಾಚೆಯ ನಾಲ್ಕು 7,000ಕ್ಕೆ ನಿಂತಿತು ಅಂತ ಇಟ್ಟುಕೊಳ್ಳೋಣ. ಅವರು ಕಟ್ಟುವುದು ಒಟ್ಟು ₹91,600, ಪಡೆಯುವುದು ₹95,000. ₹3,400 ಲಾಭ. ಯಾವ ಕಂತು ಎಷ್ಟು ತಿಂಗಳು ಒಳಗಿತ್ತು ಅಂತ ಲೆಕ್ಕ ಹಿಡಿದರೆ (ಶೀಟ್‌ನಲ್ಲಿ IRR, ಅದನ್ನು 12ರಿಂದ ಗುಣಿಸಿ) ವರ್ಷಕ್ಕೆ 4.7% ಚಿಲ್ಲರೆ, ಎಫ್‌ಡಿಗಿಂತ ಕಡಿಮೆ. ತಿಂಗಳು ತಿಂಗಳು ಹೋಗುವ ಕಮಿಷನ್ ಅದನ್ನು ತಿಂದಿರುತ್ತದೆ, ಅದರ ಮೇಲಿನ ಜಿಎಸ್‌ಟಿಯನ್ನು ನಾನು ಇಲ್ಲಿ ಸೇರಿಸಿಯೂ ಇಲ್ಲ. ಸಾಲದ್ದಕ್ಕೆ, ಕೊನೆಯವರೆಗೆ ಕಾಯುವವರ ದುಡ್ಡೇ ಅತಿ ಹೆಚ್ಚು ಕಾಲ ಬೇರೆಯವರ ಕೈಯಲ್ಲಿರುವುದು. ಚೀಟಿ 1982ರ ಕಾಯ್ದೆಯಡಿ ನೋಂದಣಿಯಾಗಿಲ್ಲದಿದ್ದರೆ 4.7% ಯಾಕೆ, 12% ಬಂದರೂ ನಾನು ಕಾಯುವುದಿಲ್ಲ.

ಮೇಷ್ಟ್ರಿಗೆ ಈ ಲೆಕ್ಕ ತೋರಿಸಿದೆ. ಅವರು ಆ ಚೀಟಿ ಮುಗಿಸಿ, ಮುಂದಿನದಕ್ಕೆ ಸೇರಲಿಲ್ಲ. ಬ್ಯಾಂಕಿನಲ್ಲಿ ಆರ್‌ಡಿ ಶುರು ಮಾಡಿದ್ದಾರೆ. ನಾನು ಈಗಲೂ ಚೀಟಿಯಲ್ಲಿದ್ದೇನೆ, ಸೀಸನ್‌ಗೆ ಮುಂಚೆ ಎತ್ತುವವನಾಗಿ.