ಸ್ಕ್ಯಾಫೋಲ್ಡಿಂಗ್‌ನಿಂದ ಯಾರಾದರೂ ಬಿದ್ದರೆ ರಿಪೋರ್ಟ್‌ನಲ್ಲಿ ಏನು ಬರೆಯಬೇಕು?

ಸೈಟ್ ಸೂಪರ್‌ವೈಸರ್ ಆಗಿರುವವರಿಗೆ ಒಂದು ಮಾತು. 'ಕಾಲು ಜಾರಿ ಬಿದ್ದ' ಅಂತ ಬರೆದು ಮುಗಿಸಬೇಡಿ. ಯಾಕೆ ಜಾರಿತು ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ.

ನಮ್ಮ ಸೈಟ್‌ನಲ್ಲಿ ಪ್ಲಾಸ್ಟರಿಂಗ್ ಮಾಡುತ್ತಿದ್ದವರೊಬ್ಬರು ಸುಮಾರು 4 ಮೀಟರ್ ಎತ್ತರದಿಂದ ಬಿದ್ದರು. ಮೊದಲ ರಿಪೋರ್ಟ್‌ನಲ್ಲಿ 'ಬೆಲ್ಟ್ ಇತ್ತು' ಅಂತಷ್ಟೇ ಇತ್ತು. ನಿಜ, ಮೈಮೇಲೆ ಇತ್ತು. ಆದರೆ ಕೊಕ್ಕೆ ಎಲ್ಲೂ ಸಿಕ್ಕಿಸಿರಲಿಲ್ಲ. ಹಾಗಾಗಿ ಬೆಲ್ಟ್ ಹಾಕಿದ್ದರಾ, ಕೊಕ್ಕೆ ಯಾವುದಕ್ಕೆ ಸಿಕ್ಕಿಸಿದ್ದರು, ಎರಡನ್ನೂ ಬೇರೆ ಬೇರೆ ಬರೆಯಿರಿ. ಸ್ಕ್ಯಾಫೋಲ್ಡಿಂಗ್ ಕಪ್‌ಲಾಕ್ ಆಗಿತ್ತಾ, ಸರ್ವೆ ಮರದ್ದಾ, ಎಷ್ಟನೇ ಹಂತ, ಹಲಗೆಯ ಎರಡೂ ತುದಿ ಕಟ್ಟಿತ್ತಾ, ಪಕ್ಕದ ತಡೆಕಂಬಿ ಇತ್ತಾ, ಇವೂ ಬೇಕು. ಏನನ್ನೂ ಸರಿಸುವ ಮೊದಲು ಫೋಟೋ ತೆಗೆಯಿರಿ. ಗಾಯಾಳುವನ್ನು ಸಾಗಿಸಲು ಸರಿಸಲೇಬೇಕಾದರೆ, ಏನು ಸರಿಸಿದಿರಿ ಅಂತ ಬರೆಯಿರಿ.

ಎತ್ತರದಲ್ಲಿ ಕೆಲಸ ಮಾಡಲು ಕೊಡುವ ಪರ್ಮಿಟ್‌ನ ನಂಬರ್ ಒಂದೇ ಸಾಲದು. ಎಷ್ಟು ಗಂಟೆಯಿಂದ ಎಷ್ಟರವರೆಗೆ, ಯಾವ ಜಾಗಕ್ಕೆ, ಸಹಿ ಯಾರದು? ನಮ್ಮದು ಹಿಂದಿನ ದಿನ ಸಂಜೆ 6ಕ್ಕೇ ಮುಗಿದಿತ್ತು. ಅವರು ಬಿದ್ದದ್ದು ಬೆಳಗ್ಗೆ 8:40ಕ್ಕೆ. ಸ್ಕ್ಯಾಫೋಲ್ಡಿಂಗ್ ಟ್ಯಾಗ್ ಮೇಲಿನ ಕೊನೆಯ ತಪಾಸಣೆ ತಾರೀಖನ್ನೂ ಹಾಗೇ ಇಳಿಸಿಕೊಳ್ಳಿ.

ಹವಾಮಾನದ ಜಾಗದಲ್ಲಿ ಸುಮ್ನೆ 'ಬಿಸಿಲು' ಅಂತ ಬರೆಯೋದೇ ಜಾಸ್ತಿ. ಅವತ್ತೂ ಬಿಸಿಲೇ ಇತ್ತು. ಆದರೆ ರಾತ್ರಿ ಮಳೆ ಬಂದು, ಹಲಗೆ ಮೇಲಿನ ಸಿಮೆಂಟ್ ಧೂಳು ಕೆಸರಾಗಿತ್ತು. ಮಳೆ ಯಾವಾಗ ನಿಂತಿತು, ಹಲಗೆ ಒದ್ದೆ ಇತ್ತಾ, ಬುಡದ ಮಣ್ಣು ಕುಸಿದಿತ್ತಾ, ಗಾಳಿ ಹೇಗಿತ್ತು ಅಂತ ಬರೆಯಿರಿ. ಗಾಳಿ ಅಳೆದಿಲ್ಲವಾದರೆ ಅಂದಾಜಿನ ಅಂಕಿ ಹಾಕಬೇಡಿ. 'ಹಸಿರು ಬಲೆ ಪಟಪಟ ಹೊಡೆದುಕೊಳ್ಳುತ್ತಿತ್ತು' ಅಂದರೆ ಸಾಕು.