ಸಂಶೋಧನೆಯಿಂದ ಹೊರಬಂದೆ, ಡೇಟಾನೂ ತೆಗೆಸಿದೆ

ವಿಶ್ವವಿದ್ಯಾಲಯವೊಂದರ ನಿದ್ರೆ ಅಧ್ಯಯನದಲ್ಲಿ ನನ್ನ ಸಂದರ್ಶನ ರೆಕಾರ್ಡ್ ಆಗಿತ್ತು. ಬಿಡ್ತೀನಿ ಅಂತ ಫೋನಿನಲ್ಲಿ ಹೇಳಿದೆ. ಕರೆಗಳು ನಿಂತವು, ಆದರೆ ರೆಕಾರ್ಡಿಂಗ್ ಅಲ್ಲೇ ಉಳಿಯಿತು. ಭಾಗವಹಿಸುವುದನ್ನು ನಿಲ್ಲಿಸುವುದು ಬೇರೆ, ಡೇಟಾ ಅಳಿಸುವುದು ಬೇರೆ. ಎರಡನ್ನೂ ಬಿಡಿಬಿಡಿಯಾಗಿ ಕೇಳಬೇಕು.

ಒಪ್ಪಿಗೆ ಪತ್ರದ ಪ್ರತಿಯಲ್ಲಿ ನನ್ನ ಕೋಡ್ ಸಂಖ್ಯೆ ಇತ್ತು. ಅದನ್ನು ಹಾಕಿ ಮುಖ್ಯ ಸಂಶೋಧಕರಿಗೆ ಇಮೇಲ್ ಬರೆದೆ, ಸಂಶೋಧನೆಗಳ ಮೇಲೆ ನಿಗಾ ಇಡುವ ನೈತಿಕ ಸಮಿತಿಗೂ ಪ್ರತಿ ಕಳಿಸಿದೆ:

"ಇಂದಿನಿಂದ ನಾನು ಭಾಗವಹಿಸುವುದಿಲ್ಲ. ನನ್ನ ಆಡಿಯೋ, ಅದರ ಬರಹರೂಪ, ಪ್ರಶ್ನಾವಳಿಯ ಉತ್ತರಗಳನ್ನು ಅಳಿಸಿ, ಲಿಖಿತವಾಗಿ ತಿಳಿಸಿ. ಅಳಿಸಲಾಗದ್ದು ಇದ್ದರೆ ಯಾವುದು, ಯಾಕೆ ಎಂದು ಹೇಳಿ."

ಕಾರಣ ಬರೆಯಲಿಲ್ಲ, ಅದು ಕಡ್ಡಾಯವಲ್ಲ. ಆಡಿಯೋ, ಬರಹ ಅಳಿಸಿದರು. ಪ್ರಶ್ನಾವಳಿಯಿಂದ ಮಾತ್ರ ಹೆಸರು, ಕೋಡ್ ಎರಡನ್ನೂ ಮೊದಲೇ ತೆಗೆದಿದ್ದರಂತೆ. ಹಾಗಾದ ಮೇಲೆ ನನ್ನದು ಯಾವುದೆಂದು ಅವರಿಗೂ ಗೊತ್ತಾಗಲ್ಲ, ಅಲ್ವಾ? ಅದಕ್ಕೇ ಬೇಗ ಬರೆಯುವುದು ಒಳ್ಳೆಯದು.