ವಾಷಿಂಗ್ ಮೆಷಿನ್ ಬಾಗಿಲು ತೆರೆಯುತ್ತಿಲ್ಲವೇ? ಮೊದಲು ಒಳಗೆ ನೀರಿದೆಯಾ ನೋಡಿ

ಮೈಸೂರಿಗೆ ಹೊಸದಾಗಿ ಬಂದವರು ನಮ್ಮ ಸಂಘಕ್ಕೆ ಫೋನ್ ಮಾಡಿ ಕೇಳುವುದು ಶಾಲೆ ಸೀಟು, ಗ್ಯಾಸ್ ಕನೆಕ್ಷನ್ ಬಗ್ಗೆ ಮಾತ್ರ ಅಲ್ಲ. "ಬಟ್ಟೆ ಒಗೆದು ಮುಗೀತು, ಮೆಷಿನ್ ಬಾಗಿಲು ತೆಗಿಯೋಕೇ ಆಗ್ತಿಲ್ಲ" ಅನ್ನುವ ಕರೆಯೂ ಆಗಾಗ ಬರುತ್ತದೆ. ಹೆಚ್ಚಾಗಿ ಭಾನುವಾರ ಸಂಜೆ, ಸೋಮವಾರದ ಯೂನಿಫಾರ್ಮ್ ಒಳಗೆ ಸಿಕ್ಕಿಕೊಂಡಿರುವಾಗ. ಮುಂದೆ ಗಾಜಿನ ಬಾಗಿಲಿರುವ ಫ್ರಂಟ್ ಲೋಡ್ ಮೆಷಿನ್‌ನಲ್ಲೇ ಈ ತೊಂದರೆ ಬರುವುದು. ಬಹಳಷ್ಟು ಸಲ ಮೆಕ್ಯಾನಿಕ್ ಬೇಕಾಗುವುದಿಲ್ಲ. ಒಂದು ಅಗಲವಾದ ತಟ್ಟೆ, ಒಂದು ಹಳೆ ಟವೆಲ್, ಒಂದಿಷ್ಟು ತಾಳ್ಮೆ ಸಾಕು.

ಮೊದಲನೆಯದಾಗಿ, ಹಿಡಿಯನ್ನು ಜಗ್ಗಬೇಡಿ. ಅದು ಪ್ಲಾಸ್ಟಿಕ್. ಅದರ ಹಿಂದಿರುವ ಲಾಕ್ ನಿಮ್ಮ ಕೈಬಲಕ್ಕೆ ಬಗ್ಗುವುದಿಲ್ಲ, ಮುರಿಯುವುದು ಹಿಡಿಯೇ. ಆಮೇಲೆ ಲಾಕ್ ಸರಿ ಇದ್ದರೂ ಬಾಗಿಲು ತೆರೆಯಲು ಬರುವುದಿಲ್ಲ.

ಪ್ರೋಗ್ರಾಂ ಮುಗಿದ ಕೂಡಲೇ ಬಾಗಿಲು ತೆರೆಯದಿದ್ದರೆ ಅದು ದೋಷವೇ ಅಲ್ಲ. ಬಹಳ ಮೆಷಿನ್‌ಗಳ ಲಾಕ್ ಒಳಗೆ ಒಂದು ಸಣ್ಣ ಹೀಟರ್ ಬಿಲ್ಲೆ ಇರುತ್ತದೆ. ಕರೆಂಟ್ ಹರಿದಾಗ ಅದು ಬಿಸಿಯಾಗಿ, ಪಕ್ಕದಲ್ಲಿರುವ ಲೋಹದ ಪಟ್ಟಿಯನ್ನು ಬಗ್ಗಿಸುತ್ತದೆ. ಬಗ್ಗಿದ ಪಟ್ಟಿ ಒಂದು ಪಿನ್ನನ್ನು ತಳ್ಳಿ ಬಾಗಿಲಿನ ಕೊಕ್ಕೆಯನ್ನು ಹಿಡಿದಿಡುತ್ತದೆ. ಕರೆಂಟ್ ನಿಂತ ಮೇಲೆ ಪಟ್ಟಿ ತಣಿದು ನೇರವಾಗಲು ಒಂದೆರಡು ನಿಮಿಷ ಬೇಕು. ಆಗ "ಟಕ್" ಅಂತ ಸಣ್ಣ ಸದ್ದು ಕೇಳುತ್ತದೆ. ಆ ಸದ್ದಿಗೆ ಕಾಯಿರಿ. ಬಿಸಿ ನೀರಿನ ಪ್ರೋಗ್ರಾಂ ಅರ್ಧಕ್ಕೆ ನಿಲ್ಲಿಸಿದ್ದರೆ ಇನ್ನೂ ಜಾಸ್ತಿ ಕಾಯಬೇಕು. ನೀರು ತಣಿಯುವ ತನಕ ಮೆಷಿನ್ ಬೇಕಂತಲೇ ಬಾಗಿಲು ಬಿಡುವುದಿಲ್ಲ.

ಐದು ನಿಮಿಷ ಕಳೆದರೂ ಸದ್ದಿಲ್ಲ ಅಂದರೆ ಮೊಬೈಲ್ ಟಾರ್ಚ್ ಹಾಕಿ ಗಾಜಿನೊಳಗೆ ನೋಡಿ. ಮುಂದೆ ಏನು ಮಾಡಬೇಕು ಅನ್ನುವುದು ಇಲ್ಲೇ ತೀರ್ಮಾನವಾಗುವುದು.

ಒಳಗೆ ನೀರು ನಿಂತಿದ್ದರೆ

ಡ್ರಮ್ಮಿನ ತಳದಿಂದ ಒಂದು ತೆಳು ರಬ್ಬರ್ ಟ್ಯೂಬು ಮೇಲಕ್ಕೆ ಹೋಗಿ ಪ್ರೆಷರ್ ಸ್ವಿಚ್‌ಗೆ ಸೇರುತ್ತದೆ. ನೀರು ಏರಿದಂತೆ ಟ್ಯೂಬಿನೊಳಗಿನ ಗಾಳಿ ಒತ್ತಿಕೊಳ್ಳುತ್ತದೆ, ಸ್ವಿಚ್‌ಗೆ ಆ ಒತ್ತಡದಿಂದಲೇ ನೀರು ಎಷ್ಟಿದೆ ಅಂತ ಗೊತ್ತಾಗುತ್ತದೆ. ನೀರಿದೆ ಅಂತ ಅದು ಹೇಳುತ್ತಿರುವ ತನಕ ಲಾಕ್ ಬಿಡುವುದಿಲ್ಲ. ಬಿಟ್ಟರೆ ಅಡುಗೆಮನೆ ತುಂಬ ಸೋಪಿನ ನೀರು, ಅಲ್ವಾ? ಹಾಗಾಗಿ ನೀರು ಕಾಣುತ್ತಿದ್ದರೆ ಲಾಕ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಹುಡುಕಬೇಕಾದದ್ದು ನೀರು ಯಾಕೆ ಹೋಗಲಿಲ್ಲ ಅನ್ನುವುದನ್ನು.

ವಿಜಯನಗರ ನಾಲ್ಕನೇ ಹಂತಕ್ಕೆ ಚಿತ್ರದುರ್ಗದ ಕಡೆಯಿಂದ ಬಂದ ಒಂದು ಕುಟುಂಬದ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇವೆ. ನಂಜನಗೂಡಿನಲ್ಲಿ ಮದುವೆ ಮುಗಿಸಿ ಬಂದು, ಅಲ್ಲಿ ಹಾಕಿದ್ದ ಶರ್ಟು, ಪಂಚೆಗಳ ಜೊತೆ ಮಕ್ಕಳ ಯೂನಿಫಾರ್ಮನ್ನೂ ಹಾಕಿದ್ದರು. ಪರದೆಯ ಮೇಲೆ OE ಅಂತ ಬಂದು ಮೆಷಿನ್ ನಿಂತಿತ್ತು. ಮನೆಯಾಕೆ ಫೋನ್ ಮಾಡಿ, "ಅಕ್ಕಾ, ಒಗ್ದು ಮುಗಿದೈತಿ, ಬಾಗ್ಲು ಮಾತ್ರ ಬಿಡವಲ್ದು" ಅಂದರು. ನಿಜಕ್ಕೂ ಮುಗಿದಿರಲಿಲ್ಲ. OE ಅಂದರೆ ಎಲ್‌ಜಿ ಮೆಷಿನ್‌ಗಳಲ್ಲಿ ನೀರು ಹೊರಗೆ ಹೋಗುತ್ತಿಲ್ಲ ಅಂತ ಅರ್ಥ. ಸ್ಯಾಮ್‌ಸಂಗ್‌ನಲ್ಲಿ ಇದೇ 5C ಅಥವಾ 5E, ಬಾಷ್‌ನಲ್ಲಿ E18. ಗಾಜಿನ ಕೆಳ ಅಂಚಿಗೆ ಹತ್ತಿರ ನೀರು ನಿಂತಿತ್ತು.

ಸ್ಪಿನ್ ಒತ್ತಿ, ಕೆಳಗೆ ಕಿವಿಗೊಟ್ಟು ಕೇಳಿ ಅಂದೆವು. ಈ ಒಂದು ಪರೀಕ್ಷೆಯಲ್ಲೇ ತುಂಬಾ ಗೊತ್ತಾಗುತ್ತದೆ. ಪಂಪಿನ ಗುಂಯ್ ಸದ್ದು ಬಂದು ನೀರು ಮಾತ್ರ ಹೋಗುತ್ತಿಲ್ಲ ಅಂದರೆ ಫಿಲ್ಟರಿನಲ್ಲೋ ಪೈಪಿನಲ್ಲೋ ಏನೋ ಕಟ್ಟಿಕೊಂಡಿದೆ. ಸದ್ದೇ ಇಲ್ಲ ಅಂದರೆ ಪಂಪ್ ಪೂರ್ತಿ ಸಿಕ್ಕಿಬಿದ್ದಿರಬಹುದು, ಇಲ್ಲವೇ ಸುಟ್ಟಿರಬಹುದು. ಇವರ ಮನೆಯಲ್ಲಿ ಗುಂಯ್ ಅಂದು, ನಿಂತು, ಮತ್ತೆ ಗುಂಯ್ ಅನ್ನುತ್ತಿತ್ತು.

ಮೊದಲು ಮೆಷಿನ್ ಹಿಂದಿನ ಡ್ರೈನ್ ಪೈಪ್ ನೋಡಿಸಿದೆವು. ಮನೆ ಬದಲಿಸಿದವರು ಇದನ್ನು ಮರೆಯಬಾರದು. ಸಾಮಾನು ಇಳಿಸಿದವರು ಮೆಷಿನ್ ಅನ್ನು ಗೋಡೆಗೆ ಒತ್ತಿ ಇಟ್ಟು ಹೋಗಿರುತ್ತಾರೆ, ಪೈಪ್ ಅಲ್ಲೇ ಮಡಿಚಿಕೊಂಡಿರುತ್ತದೆ. ಹಾಗಿದ್ದರೆ ಮೆಷಿನ್ ಅನ್ನು ಒಂದು ಗೇಣು ಮುಂದಕ್ಕೆ ಎಳೆದರೆ ಕೆಲಸ ಮುಗಿಯಿತು. ಇವರ ಪೈಪ್ ಸರಿಯಾಗಿತ್ತು.

ಇನ್ನು ಫಿಲ್ಟರ್. ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನೂ ಕೀಳಿ. ನಲ್ಲಿ ನಿಲ್ಲಿಸಿ. ನೀರು ಬಿಸಿ ಇದ್ದರೆ ತಣಿಯಲು ಬಿಡಿ. ಮೆಷಿನ್ ಮುಂದೆ ಕೆಳಗಡೆ, ಸಾಮಾನ್ಯವಾಗಿ ಬಲ ಮೂಲೆಯಲ್ಲಿ, ಒಂದು ಸಣ್ಣ ಮುಚ್ಚಳ ಇರುತ್ತದೆ. ಅದನ್ನು ತೆಗೆದರೆ ತಿರುಗಿಸುವ ಹಿಡಿ ಇರುವ ಫಿಲ್ಟರ್ ಕಾಣುತ್ತದೆ. ಬಹಳ ಮಾದರಿಗಳಲ್ಲಿ ಪಕ್ಕದಲ್ಲೇ ಬೆರಳುದ್ದದ, ಬಿರಡೆ ಹಾಕಿದ ರಬ್ಬರ್ ಕೊಳವೆಯೂ ಇರುತ್ತದೆ. ಮೊದಲು ಫಿಲ್ಟರ್ ಮುಟ್ಟಬೇಡಿ. ಕೊಳವೆಯನ್ನು ಹೊರಗೆಳೆದು, ಕೆಳಗೆ ತಟ್ಟೆ ಇಟ್ಟು, ಬಿರಡೆ ತೆಗೆಯಿರಿ. ಅಲ್ಲಿ ಬಕೆಟ್ ಹಿಡಿಸುವುದಿಲ್ಲ, ನೆಲಕ್ಕೆ ಅಷ್ಟು ಹತ್ತಿರ. ತಟ್ಟೆ ತುಂಬಿದಾಗ ಬಿರಡೆ ಹಾಕಿ, ಚೆಲ್ಲಿ ಬಂದು, ಮತ್ತೆ ತೆಗೆಯಬೇಕು. ಬೇಜಾರಿನ ಕೆಲಸವೇ. ಡ್ರಮ್ ಅರ್ಧ ತುಂಬಿದ್ದರೆ ಒಂದು ಬಕೆಟ್‌ನಷ್ಟು ನೀರು ಬರಬಹುದು. ಯುಟಿಲಿಟಿಯಲ್ಲಿ ಮೋರಿ ಕಡೆಗೆ ಇಳಿಜಾರಿದ್ದರೆ ನೀವು ಅದೃಷ್ಟವಂತರು, ಸುಮ್ನೆ ಹರಿಯಲು ಬಿಡಿ. ಕೊಳವೆ ಇಲ್ಲದ ಮೆಷಿನ್ ಆದರೆ ಫಿಲ್ಟರನ್ನೇ ಎಡಕ್ಕೆ ಸ್ವಲ್ಪ ಸ್ವಲ್ಪ ಸಡಿಲಿಸಿ, ನೀರು ಜಿನುಗುವಷ್ಟು ಮಾತ್ರ. ಒಂದೇ ಸಲ ತಿರುಗಿಸಿ ತೆಗೆದರೆ ನೀರು ರಭಸವಾಗಿ ನುಗ್ಗುತ್ತದೆ.

ನೀರು ನಿಂತ ಮೇಲೆ ಅವರು ಫಿಲ್ಟರ್ ಹೊರಗೆ ತೆಗೆದರು. ಕೂದಲು, ನೂಲು, ಒಂದು ಬ್ಲೌಸ್ ಹುಕ್ಕು. ಅದರ ಮೇಲೆ ನೆನೆದು ಉಬ್ಬಿ ಮುದ್ದೆಯಾಗಿದ್ದ ಅಕ್ಷತೆ ಕಾಳು, ಇನ್ನೂ ಅರಿಶಿನದ ಬಣ್ಣ ಬಿಟ್ಟಿರಲಿಲ್ಲ. ಮದುವೆಯಲ್ಲಿ ಶರ್ಟಿನ ಜೇಬಿಗೆ, ಪಂಚೆಯ ಮಡಿಕೆಗೆ ಬಿದ್ದದ್ದು. ಟಾರ್ಚ್ ಹಾಕಿ ಫಿಲ್ಟರಿನ ಗುಂಡಿಯೊಳಗೆ ನೋಡಿದರೆ, ನೀರು ತಳ್ಳುವ ಸಣ್ಣ ಚಕ್ರದ ಪಕ್ಕ ಒಂದು ರೂಪಾಯಿ ನಾಣ್ಯ ಸಿಕ್ಕಿಕೊಂಡಿತ್ತು. ಮುಯ್ಯಿ ಕೊಡಲು ಇಟ್ಟುಕೊಂಡದ್ದಿರಬೇಕು. ನಾಣ್ಯ ತೆಗೆದ ಮೇಲೆ ಚಕ್ರವನ್ನು ಬೆರಳಿನಿಂದ ತಿರುಗಿಸಿ ಅಂದೆವು. ಅದು ತಡೆತಡೆದು ತಿರುಗಿದರೆ ಗಾಬರಿ ಬೇಡ. ಒಳಗೆ ಅಯಸ್ಕಾಂತ ಇರುವುದರಿಂದ ಹಾಗೆ ಆಗುವುದು ಸಹಜ. ಅಲುಗಾಡುವುದೇ ಇಲ್ಲ ಅಂದರೆ ಮಾತ್ರ ಇನ್ನೂ ಏನೋ ಸಿಕ್ಕಿದೆ.

ಫಿಲ್ಟರ್ ತೊಳೆದು, ಅದರ ರಬ್ಬರ್ ಬಳೆ ಜಾಗದಲ್ಲಿದೆಯಾ ನೋಡಿ, ಬಿಗಿಯಾಗಿ ತಿರುಗಿಸಿ, ಕೊಳವೆಗೆ ಬಿರಡೆ ಹಾಕಿ ಪ್ಲಗ್ ಹಾಕಿದರು. ಬರೀ ಸ್ಪಿನ್ ಒತ್ತಿದಾಗ ಉಳಿದ ನೀರು ಗಳಗಳನೆ ಮೋರಿಗೆ ಬಿತ್ತು. ಸ್ಪಿನ್ ಮುಗಿದು ಸ್ವಲ್ಪ ಹೊತ್ತಿಗೆ ಟಕ್ ಅಂತು.

ನೀರು ಕಾಣದಿದ್ದರೂ ತೆರೆಯದಿದ್ದರೆ

ಬಟ್ಟೆ ಚೆನ್ನಾಗಿ ಹಿಂಡಿಕೊಂಡಿದೆ, ಗಾಜಿನ ಹಿಂದೆ ಹನಿ ನೀರಿಲ್ಲ, ಆದರೂ ಬಾಗಿಲು ಬಿಡುತ್ತಿಲ್ಲ. ಗಾಜಿಗೆ ನೊರೆ ಅಂಟಿದ್ದರೆ ಅದೇ ಕಾರಣ ಇರಬಹುದು. ನೊರೆ ಜಾಸ್ತಿಯಾದರೆ ಪಂಪು ನೀರನ್ನು ಸರಿಯಾಗಿ ತಳ್ಳುವುದಿಲ್ಲ, ಪ್ರೆಷರ್ ಸ್ವಿಚ್‌ಗೂ ಲೆಕ್ಕ ತಪ್ಪುತ್ತದೆ. ಬೋರ್‌ವೆಲ್ ನೀರಿನ ಊರುಗಳಿಂದ ಬಂದವರಿಗೆ ಇಲ್ಲಿ ಇದು ಆಗುವುದು ಹೆಚ್ಚು. ಗಡಸು ನೀರು ಸೋಪನ್ನು ತಿಂದುಹಾಕುತ್ತದೆ, ಹಾಗಾಗಿ ಕೈ ಧಾರಾಳವಾಗಿರುತ್ತದೆ. ನಿಮ್ಮ ಮನೆಗೆ ಕಾವೇರಿ ನೀರು ಬರುತ್ತಿದ್ದರೆ ಅದೇ ಅಳತೆಗೆ ನೊರೆ ಉಕ್ಕುತ್ತದೆ. ಮೊದಲು ಹಾಕುತ್ತಿದ್ದದ್ದರ ಅರ್ಧದಿಂದ ಶುರು ಮಾಡಿ ನೋಡಿ. ಬಕೆಟ್‌ನಲ್ಲಿ ನೆನೆಸುವ ಪೌಡರ್ ಅನ್ನು ಈ ಮೆಷಿನ್‌ಗೆ ಹಾಕಲೇಬೇಡಿ. ಈಗ ಸಿಕ್ಕಿಕೊಂಡಿರುವುದಕ್ಕೆ ಅರ್ಧ ಗಂಟೆ ಬಿಟ್ಟು, ನೊರೆ ಇಳಿದ ಮೇಲೆ ರಿನ್ಸ್ ಮತ್ತು ಸ್ಪಿನ್ ಹಾಕಿ.

ನೊರೆಯೂ ಇಲ್ಲ, ಆದರೆ ವಾರಕ್ಕೊಮ್ಮೆ ಹೀಗೇ ಆಗುತ್ತಿದೆ ಅಂದರೆ ಆ ತೆಳು ಟ್ಯೂಬಿನ ಬುಡದಲ್ಲಿ ಪೌಡರಿನ ಜಿಡ್ಡು ಕಟ್ಟಿರಬಹುದು. ಒತ್ತಿಕೊಂಡ ಗಾಳಿ ಹೊರಬರುವುದಿಲ್ಲ, ಖಾಲಿ ಡ್ರಮ್ಮನ್ನೂ ಮೆಷಿನ್ ತುಂಬಿದೆ ಅಂತಲೇ ತಿಳಿಯುತ್ತದೆ. ಇದನ್ನು ಮೆಕ್ಯಾನಿಕ್ ಬಿಚ್ಚಿ ತೊಳೆಯಬೇಕು. ಬೋರ್ಡ್ ಹೋಗಿದೆ ಅನ್ನುವ ಮೊದಲು ಟ್ಯೂಬ್ ನೋಡಿಸಿ.

ಕರೆಂಟ್ ಹೋದಾಗ ಸಿಕ್ಕಿಕೊಂಡರೆ ಬೇರೆ ಕಥೆ. ಮೇಲೆ ಹೇಳಿದ ಬಿಸಿಯಾಗುವ ಪಟ್ಟಿಯ ಲಾಕ್ ಆದರೆ ಕರೆಂಟ್ ಇಲ್ಲದಿದ್ದರೂ ಕೆಲವು ನಿಮಿಷಕ್ಕೆ ತಾನೇ ಬಿಡುತ್ತದೆ. ಹಾಗಾಗಿ ನೀರು ಗಾಜಿನ ಅಂಚಿಗಿಂತ ಮೇಲಿದ್ದರೆ ಕೈ ಹಾಕಬೇಡಿ. ಇತ್ತೀಚಿನ ಕೆಲವು ಲಾಕ್‌ಗಳು ಮೆಷಿನ್ ವಿದ್ಯುತ್ ಸೂಚನೆ ಕೊಟ್ಟಾಗ ಮಾತ್ರ ಬಿಡುತ್ತವೆ, ಕರೆಂಟ್ ಬರುವ ತನಕ ಕಾಯಲೇಬೇಕು. ಕಾಯಲು ಆಗದಿದ್ದರೆ ಫಿಲ್ಟರ್ ಮುಚ್ಚಳದ ಒಳಗೆ ನೋಡಿ. ಕೆಲವು ಮಾದರಿಗಳಲ್ಲಿ ಅಲ್ಲಿ ಎಳೆಯುವ ಒಂದು ಪಟ್ಟಿ ಅಥವಾ ದಾರ ಇರುತ್ತದೆ. ನೀರು ಪೂರ್ತಿ ಖಾಲಿ ಮಾಡಿ, ಅದನ್ನು ಮೆಲ್ಲಗೆ ಕೆಳಗೆ ಎಳೆದರೆ ಬಾಗಿಲು ಬಿಡುತ್ತದೆ.

ಇಷ್ಟೆಲ್ಲಾ ಆದರೂ ಬಗ್ಗದಿದ್ದರೆ ಆಗ ಲಾಕ್ ಮೇಲೆ ಅನುಮಾನ ಪಡಬಹುದು. ಟಕ್ ಟಕ್ ಅಂತ ಮತ್ತೆ ಮತ್ತೆ ಸದ್ದು ಮಾಡಿ ಬಾಗಿಲು ಬಿಡದಿರುವುದು, ಬಾಗಿಲು ಹಾಕಿದ್ದರೂ ಹಾಕಿಲ್ಲ ಅಂತ ತೋರಿಸುವುದು ಅದರ ಲಕ್ಷಣ. ಲಾಕನ್ನು ರಿಪೇರಿ ಮಾಡುವುದಿಲ್ಲ, ಹೊಸದು ಹಾಕುತ್ತಾರೆ. ಬಾಗಿಲ ಸುತ್ತಲಿನ ರಬ್ಬರ್ ಸರಿಸಿ ಸ್ಕ್ರೂ ಬಿಚ್ಚಿದರೆ ಬರುತ್ತದೆ, ಅನುಭವ ಇದ್ದವರಿಗೆ ದೊಡ್ಡ ಕೆಲಸವಲ್ಲ. ಬಾಗಿಲಿನ ಕೊಕ್ಕೆ ಸವೆದಿದ್ದರೆ ಹೊಸ ಲಾಕ್ ಹಾಕಿಯೂ ಪ್ರಯೋಜನವಿಲ್ಲ, ಅದನ್ನೂ ನೋಡಿಸಿ. ಫೋನ್‌ನಲ್ಲಿ ಮೆಕ್ಯಾನಿಕ್‌ಗೆ ಬಾಗಿಲು ತೆರೆಯುತ್ತಿಲ್ಲ ಅಂತ ಮಾತ್ರ ಹೇಳಬೇಡಿ. ಮಾದರಿ ಸಂಖ್ಯೆ, ಪರದೆಯ ಮೇಲಿನ ಅಕ್ಷರ, ನೀರಿದೆಯೋ ಇಲ್ಲವೋ, ಪಂಪ್ ಸದ್ದು ಬರುತ್ತದೋ ಇಲ್ಲವೋ, ಇಷ್ಟು ಹೇಳಿದರೆ ಸರಿಯಾದ ಸಾಮಾನು ತಂದೇ ಬರುತ್ತಾರೆ. ಮೆಷಿನ್ ಮನೆ ಓನರ್‌ದಾದರೆ ಬಿಚ್ಚಿಸುವ ಮೊದಲು ಅವರಿಗೆ ಒಂದು ಮಾತು ಹೇಳಿ. ವಾರಂಟಿ ಇದ್ದರೆ ಕಂಪನಿಯವರೇ ಬರಬೇಕಾಗುತ್ತದೆ, ಬಿಲ್ಲು ಓನರ್ ಹತ್ತಿರವೇ ಇರುತ್ತದೆ.